ಒಂದು ಸೊನ್ನೆಯ ಚಕ್ರ, ಎರಡು ಸೊನ್ನೆಯ ಚಕ್ರ

ರೂಲೆಟ್ ಆಟದಲ್ಲಿ ಎರಡು ಸೊನ್ನೆಯ ಚಕ್ರವೇ ಹಳೆಯದು. ಪ್ಯಾರಿಸ್ಸಿನ ಜೂಜುಮನೆಗಳಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ 0 ಮತ್ತು 00 ಎರಡೂ ಇದ್ದವು. 1843ರಲ್ಲಿ ಜರ್ಮನಿಯ ಹೊಂಬುರ್ಗ್‌ನಲ್ಲಿ ಬ್ಲಾಂ ಸಹೋದರರು ಒಂದು ಸೊನ್ನೆಯನ್ನು ತೆಗೆದುಹಾಕಿದರು. ಇದು ಔದಾರ್ಯವಲ್ಲ, ಆಟಗಾರರನ್ನು ಸೆಳೆಯುವ ವ್ಯಾಪಾರ. ಅಮೆರಿಕದಲ್ಲಿ ಮಾತ್ರ ಎರಡು ಸೊನ್ನೆಗಳೇ ಬೇರೂರಿದವು.

ಒಂದು ಸೊನ್ನೆಯ ಚಕ್ರದಲ್ಲಿ 37 ಗುಳಿಗಳು. ಪ್ರತಿ ಗುಳಿಗೂ ಒಂದೊಂದು ಫ್ರಾಂಕ್ ಕಟ್ಟಿದರೆ 37 ಫ್ರಾಂಕ್ ಆಯಿತು. ಗುಂಡು ಎಲ್ಲಿ ಬಿದ್ದರೂ ಕೈಗೆ ಬರುವುದು 36: ಗೆಲುವು 35, ಕಟ್ಟಿದ್ದು 1. ಉಳಿದ ಒಂದು ಫ್ರಾಂಕ್ ಕ್ಯಾಸಿನೊದ ಪಾಲು, ಅಂದರೆ ಶೇ. 2.70.

ಎರಡು ಸೊನ್ನೆಯ ಚಕ್ರದಲ್ಲಿ ಗುಳಿಗಳು 38. ಆದರೆ ಗೆದ್ದವರಿಗೆ ಕೊಡುವುದು ಆಗಲೂ 36 ಮಾತ್ರ. ಗುಟ್ಟು ಇರುವುದು ಇಲ್ಲೇ: ಗುಳಿ ಹೆಚ್ಚಿತು, ಬಹುಮಾನ ಹೆಚ್ಚಲಿಲ್ಲ. ಕ್ಯಾಸಿನೊಗೆ ಎರಡು ಫ್ರಾಂಕ್ ಉಳಿಯುತ್ತದೆ, ಶೇ. 5.26. ಕೆಂಪು, ಕಪ್ಪು ಬಣ್ಣದ ಮೇಲೆ ಕಟ್ಟಿದರೂ ಇದೇ ಲೆಕ್ಕ. ಸೊನ್ನೆಗಳು ಹಸಿರು, ಎರಡೂ ಬಣ್ಣಕ್ಕೆ ಸೇರುವುದಿಲ್ಲ.

ಇದಕ್ಕಿಂತ ದುಬಾರಿ ಪಣವೂ ಅಮೆರಿಕದ ಮೇಜಿನಲ್ಲಿದೆ. 0, 00, 1, 2, 3 ಐದಕ್ಕೂ ಒಟ್ಟಿಗೆ ಕಟ್ಟಿ ಗೆದ್ದರೆ, ಕಟ್ಟಿದ್ದರ ಜೊತೆಗೆ ಅದರ ಆರು ಪಟ್ಟು ಮಾತ್ರ ಸಿಗುತ್ತದೆ. ಅಲ್ಲಿ ಕ್ಯಾಸಿನೊದ ಪಾಲು ಶೇ. 7.89.