ಸೊನ್ನೆಯನ್ನು ಸಾಕ್ಷಿಯಾಗಿ ಓದಬಹುದೇ? ತಾಲ್ಲೂಕು ಕೇಂದ್ರಗಳ ಜಾಲಗಳಲ್ಲಿ ಡ್ಯುಪ್ಲೆಕ್ಸ್ ದೋಷ ಮತ್ತು ತಡವಾದ ಡಿಕ್ಕಿಗಳ ಎಣಿಕೆ

ಕೊಂಡಿಯ ಎರಡು ತುದಿಗಳಲ್ಲಿ ಡ್ಯುಪ್ಲೆಕ್ಸ್ ಬೇರೆಬೇರೆಯಾಗಿದೆ ಎಂಬ ಅನುಮಾನ ಬಂದಾಗ ಜಾಲ ನಿರ್ವಾಹಕರು ಮೊದಲು ಹುಡುಕುವುದು ತಡವಾದ ಡಿಕ್ಕಿಗಳ, ಅಂದರೆ ಲೇಟ್ ಕೊಲಿಷನ್‌ಗಳ, ಎಣಿಕೆಯನ್ನು. ಅದು ಏರುತ್ತಿದ್ದರೆ ದೋಷ ಖಚಿತ ಎನ್ನುತ್ತಾರೆ. ಸೊನ್ನೆಯಿದ್ದರೆ ಡ್ಯುಪ್ಲೆಕ್ಸ್ ಸರಿಯಿದೆ ಎಂದು ತೀರ್ಮಾನಿಸಿ ಕೇಬಲ್ ಬದಲಿಸಲು ಹೊರಡುತ್ತಾರೆ. ಈ ರೂಢಿಯ ಮೊದಲ ಅರ್ಧದ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯ ಅರ್ಧ ತಪ್ಪು, ಅದರಲ್ಲೂ ಕಳಿಸುವುದಕ್ಕಿಂತ ಪಡೆಯುವುದೇ ಹೆಚ್ಚಾಗಿರುವ ಕಚೇರಿಗಳಲ್ಲಿ ಅದು ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಂಥ ತಾಲ್ಲೂಕು ಕೇಂದ್ರಗಳನ್ನು ಎದುರಿಗಿಟ್ಟುಕೊಂಡು ಈ ವಾದ ಬೆಳೆಸಲು ಕಾರಣವಿದೆ. ರಾಜ್ಯ, ಜಿಲ್ಲೆ, ತಾಲ್ಲೂಕು ಎಂಬ ಮೂರು ಹಂತಗಳಲ್ಲಿ ಕಟ್ಟಿದ ಕೆಸ್ವಾನ್ ಜಾಲದ ಕೆಳಗಿನ ತುದಿ ಇಂಥ ಊರುಗಳೇ. ಭೂಮಿಯ ಪಹಣಿಯಾಗಲಿ ಕಾವೇರಿ ತಂತ್ರಾಂಶದ ನೋಂದಣಿ ದಾಖಲೆಯಾಗಲಿ ತೆರೆದುಕೊಳ್ಳುವುದು ಬೆಂಗಳೂರಿನ ಕಡೆಯಿಂದ ಇಳಿದುಬರುವ ಮಾಹಿತಿಯಿಂದ. ಇಲ್ಲಿಂದ ಮೇಲಕ್ಕೆ ಹೋಗುವುದು ಬಹುಪಾಲು ಸಣ್ಣ ಕೋರಿಕೆಗಳು ಮತ್ತು ಸ್ವೀಕೃತಿಗಳು. ಹರಿವಿನ ಈ ಓರೆಯೇ ಮುಂದಿನ ಚರ್ಚೆಯ ಆಧಾರ.

ಒಪ್ಪಿತವಾದ ಸಂಗತಿಗಳನ್ನು ಬೇಗ ದಾಟೋಣ. 1995ರ ಐಇಇಇ 802.3ಯು ಪರಿಷ್ಕರಣೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನ ಈಥರ್ನೆಟ್ ಜೊತೆಗೆ ಆಟೋ ನೆಗೋಶಿಯೇಷನ್ ಬಂತು. ಎರಡು ತುದಿಗಳೂ ಅದರಲ್ಲಿ ಪಾಲ್ಗೊಂಡರೆ ವೇಗ, ಡ್ಯುಪ್ಲೆಕ್ಸ್ ಎರಡೂ ಮಾತುಕತೆಯಲ್ಲಿ ನಿರ್ಧಾರವಾಗುತ್ತವೆ. ಒಂದು ತುದಿಯನ್ನು ಕೈಯಿಂದ ‘100 ಫುಲ್’ ಎಂದು ಬಿಗಿದು ಅದರ ಮಾತುಕತೆ ನಿಲ್ಲಿಸಿದರೆ, ಇನ್ನೊಂದು ತುದಿ ಸಂಕೇತದಿಂದ ವೇಗವನ್ನಷ್ಟೇ ಗುರುತಿಸಬಲ್ಲುದು. ಡ್ಯುಪ್ಲೆಕ್ಸ್ ತಿಳಿಯದ ಕಾರಣ, ಮಾನಕ ಹೇಳುವಂತೆ, ಹಾಫ್ ಎಂದು ಹಿಡಿಯುತ್ತದೆ. ತಾಮ್ರದ ಗಿಗಾಬಿಟ್ ಕೊಂಡಿಗೆ ಮಾತುಕತೆ ಕಡ್ಡಾಯವಾದ್ದರಿಂದ ಅಲ್ಲಿ ಈ ದೋಷ ಅಪರೂಪ. ಹಳೆಯ ಮೀಡಿಯಾ ಕನ್ವರ್ಟರ್, ರೇಡಿಯೊ ಉಪಕರಣ ಅಥವಾ ಎರಡೇ ಜೋಡಿ ತಂತಿ ಹಾಕಿದ ಕೇಬಲ್ ಕೊಂಡಿಯನ್ನು 100ಕ್ಕೆ ಇಳಿಸಿದಲ್ಲಿ ಅದು ಇಂದಿಗೂ ಕಾಣುತ್ತದೆ. ಶಲುನೋವ್ ಮತ್ತು ಕಾರ್ಲ್ಸನ್ 2005ರಲ್ಲಿ ಪ್ರಕಟಿಸಿದ ಪ್ರಬಂಧ ಈ ದೋಷಕ್ಕೊಂದು ಗಣಿತ ಮಾದರಿ ಕೊಟ್ಟು, ಅದನ್ನು ಹೊರಗಿನಿಂದ ನಡೆಸುವ ಟಿಸಿಪಿ ಪರೀಕ್ಷೆಯಿಂದಲೇ ಪತ್ತೆಹಚ್ಚುವ ದಾರಿ ಹುಡುಕಿತು. ನಾನು ಹಿಡಿದಿರುವುದು ಇನ್ನೊಂದು ತುದಿಯನ್ನು: ಕೊಂಡಿಯ ಪಕ್ಕದಲ್ಲೇ ಕುಳಿತವರಿಗೆ ಕೌಂಟರ್‌ಗಳು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ?

ಚರ್ಚೆಗಾಗಿ ಒಂದು ಮಾದರಿ ಕಟ್ಟಿಕೊಳ್ಳುತ್ತೇನೆ. ಇದು ಯಾವುದೇ ನಿಜವಾದ ಕಚೇರಿಯ ವರದಿಯಲ್ಲ. ಕೃಷ್ಣರಾಜಪೇಟೆಯ ಒಂದು ಕಟ್ಟಡದಲ್ಲಿ ಲಿನಕ್ಸ್ ಕಂಪ್ಯೂಟರ್ ಇದೆ. ಅದು ಆಟೋ ಸ್ಥಿತಿಯಲ್ಲಿದೆ. ಅದೇ ಕಟ್ಟಡದ ರ‍್ಯಾಕ್‌ನಲ್ಲಿರುವ ಸ್ವಿಚ್‌ನ ಪೋರ್ಟನ್ನು ಯಾರೋ ಹಿಂದೆ 100 ಫುಲ್‌ಗೆ ಬಿಗಿದಿದ್ದಾರೆ. ಕಂಪ್ಯೂಟರ್ ಹಾಫ್ ಆಯಿತು, ಸ್ವಿಚ್ ಫುಲ್ ಆಯಿತು. ಪಿಂಗ್ ಮಾಡಿದರೆ ಒಂದೂ ತಪ್ಪುವುದಿಲ್ಲ, ಏಕೆಂದರೆ ಕೋರಿಕೆ ಹೋಗಿ ಮುಗಿದ ಮೇಲಷ್ಟೇ ಉತ್ತರ ಬರುತ್ತದೆ. ಎರಡು ದಿಕ್ಕಿನ ಫ್ರೇಮ್‌ಗಳು ತಂತಿಯ ಮೇಲೆ ಒಟ್ಟಿಗೆ ಇರುವುದೇ ಇಲ್ಲ. ದೊಡ್ಡ ಕಡತ ಇಳಿಸತೊಡಗಿದಾಗ ಮಾತ್ರ ವೇಗ ಕುಸಿಯುತ್ತದೆ. ‘ಸರ್ವರ್ ಸ್ಲೋ’ ಎಂಬ ದೂರು ಹುಟ್ಟುವುದು ಆಗ.

ಈಗ ಎರಡು ದಿಕ್ಕುಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲು ಕಂಪ್ಯೂಟರ್ ದೊಡ್ಡ ಕಡತವೊಂದನ್ನು ಮೇಲಕ್ಕೆ ಕಳಿಸುತ್ತಿದೆ ಎನ್ನೋಣ. 1518 ಬೈಟ್‌ಗಳ ಪೂರ್ಣ ಫ್ರೇಮ್, ಅದರ ಮುಂದಿನ 8 ಬೈಟ್‌ಗಳ ಪೀಠಿಕೆಯೂ ಸೇರಿ, ತಂತಿಯ ಮೇಲೆ ಸುಮಾರು 122 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಹಾಫ್ ಡ್ಯುಪ್ಲೆಕ್ಸ್ ನಿಯಮದಲ್ಲಿ ನ್ಯಾಯವಾದ ಡಿಕ್ಕಿಗೆ ಇರುವ ಅವಕಾಶ ಮೊದಲ 512 ಬಿಟ್‌ಗಳು, ಅಂದರೆ 5.12 ಮೈಕ್ರೊಸೆಕೆಂಡ್. ಫುಲ್ ಎಂದು ನಂಬಿರುವ ಸ್ವಿಚ್ ತಂತಿಗೆ ಕಿವಿಗೊಡದೆ ಸರ್ವರ್‌ನ ಸ್ವೀಕೃತಿಯನ್ನು ಯಾವ ಗಳಿಗೆಯಲ್ಲಾದರೂ ಕಳಿಸುತ್ತದೆ. ಆ ಗಳಿಗೆ ಫ್ರೇಮಿನ ಉದ್ದಕ್ಕೂ ಸಮನಾಗಿ ಹಂಚಿಹೋಗಿದೆಯೆಂದು ಭಾವಿಸಿದರೆ, ಡಿಕ್ಕಿ ಮೊದಲ 5.12ರೊಳಗೆ ಬೀಳುವ ಸಂಭವ ಶೇ. 4ರಷ್ಟು, ಉಳಿದ ಶೇ. 96 ತಡವಾದ ಡಿಕ್ಕಿಗಳೇ. ತಡವಾಗಿ ಡಿಕ್ಕಿಯಾದ ಫ್ರೇಮನ್ನು ಸಾಮಾನ್ಯವಾಗಿ ಕಾರ್ಡ್ ತಾನೇ ಮತ್ತೆ ಕಳಿಸುವುದಿಲ್ಲ, ಆ ಹೊರೆ ಟಿಸಿಪಿಯ ಮೇಲೆ ಬೀಳುತ್ತದೆ. ಸ್ವಿಚ್‌ಗೆ ಸಿಗುವುದು ನಡುವೆ ತುಂಡಾದ ಫ್ರೇಮ್, ಅದು ಸಿಆರ್‌ಸಿ ದೋಷವಾಗಿ ಎಣಿಕೆಯಾಗುತ್ತದೆ. ರೂಢಿಯ ಸೂತ್ರ ಹುಟ್ಟಿದ್ದು ಇದೇ ಚಿತ್ರದಿಂದ. ಈ ದಿಕ್ಕಿಗೆ ಅದು ಸರಿಯಾಗಿಯೇ ಇದೆ.

ದಿಕ್ಕು ತಿರುಗಿಸಿದರೆ ಚಿತ್ರ ಬೇರೆ. ಈಗ ಸ್ವಿಚ್ ಪೂರ್ಣ ಫ್ರೇಮ್‌ಗಳನ್ನು ಒಂದರ ಹಿಂದೊಂದು ಇಳಿಸುತ್ತಿದೆ. ಕಂಪ್ಯೂಟರ್ ಕಳಿಸಬೇಕಿರುವುದು ಸ್ವೀಕೃತಿಗಳನ್ನು ಮಾತ್ರ. ಹಾಫ್ ನಿಯಮದಂತೆ ಅದು ತಂತಿ ಬಿಡುವಾಗುವವರೆಗೆ ಕಾಯುತ್ತದೆ, ನಂತರ 0.96 ಮೈಕ್ರೊಸೆಕೆಂಡಿನ ಅಂತರ ಬಿಟ್ಟು ಆರಂಭಿಸುತ್ತದೆ. ಸ್ವಿಚ್ ಕೂಡ ಅಷ್ಟೇ ಅಂತರ ಬಿಟ್ಟು ಮುಂದಿನ ಫ್ರೇಮ್ ಆರಂಭಿಸುತ್ತದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಹೊರಡುವುದರಿಂದ ಡಿಕ್ಕಿ ಆರಂಭದಲ್ಲೇ ಆಗುತ್ತದೆ. ಕಂಪ್ಯೂಟರ್ ಇದನ್ನು ಮಾಮೂಲಿ ಡಿಕ್ಕಿಯೆಂದು ಎಣಿಸಿ, ಹಿಂದೆ ಸರಿದು, ಮತ್ತೆ ಕಾಯುತ್ತದೆ. ಸ್ವಿಚ್‌ಗೆ ಡಿಕ್ಕಿಯ ಅರಿವೇ ಇಲ್ಲ. ಅದು ಕಳಿಸಿದ ಫ್ರೇಮ್ ಕಂಪ್ಯೂಟರಿಗೆ ತಲುಪದೆ ಹಾಳಾಯಿತು. ಹಿಂದೆ ಸರಿಯುವ ಅವಧಿ ಮೊದಲ ಕೆಲವು ಯತ್ನಗಳಲ್ಲಿ 122 ಮೈಕ್ರೊಸೆಕೆಂಡಿಗಿಂತ ಕಡಿಮೆ ಇರುವುದರಿಂದ, ಸ್ವಿಚ್‌ನ ಸಾಲು ಬಿಡುವಿಲ್ಲದೆ ಸಾಗುತ್ತಿದ್ದರೆ ಮುಂದಿನ ಫ್ರೇಮಿನ ಆರಂಭದಲ್ಲೂ ಅದೇ ನಡೆಯುತ್ತದೆ. ಒಂದು ಪುಟ್ಟ ಸ್ವೀಕೃತಿ ಹೀಗೆ ಹಲವು ದೊಡ್ಡ ಫ್ರೇಮ್‌ಗಳನ್ನು ಕೆಡಿಸಬಲ್ಲುದು. ಹದಿನಾರು ಯತ್ನಗಳು ಮುಗಿದರೆ ಸ್ವೀಕೃತಿಯೂ ಬಿದ್ದುಹೋಗುತ್ತದೆ.

ವಾದದ ತಿರುಳು ಇಲ್ಲಿದೆ. ಯಾವ ಆಯ್ಕೆಗಳೂ ಇಲ್ಲದ ಟಿಸಿಪಿ ಸ್ವೀಕೃತಿಯ ಫ್ರೇಮ್ 64 ಬೈಟ್‌ಗಳದ್ದು. 64 ಬೈಟ್ ಎಂದರೆ 512 ಬಿಟ್. ತಡವಾದ ಡಿಕ್ಕಿ ಆರಂಭವಾಗಬೇಕಾದ ಗಡಿಯಲ್ಲೇ ಆ ಫ್ರೇಮ್ ಮುಗಿದುಹೋಗುತ್ತದೆ. ತಡವಾಗಿ ಡಿಕ್ಕಿಯಾಗಲು ಅದರಲ್ಲಿ ಜಾಗವೇ ಇಲ್ಲ. ಆದ್ದರಿಂದ ಹಾಫ್ ತುದಿ ಮುಖ್ಯವಾಗಿ ಪಡೆಯುತ್ತಿರುವಾಗ, ದೋಷ ತೀವ್ರವಾಗಿದ್ದರೂ ತಡವಾದ ಡಿಕ್ಕಿಗಳ ಎಣಿಕೆ ಸೊನ್ನೆಗೆ ಸಮೀಪವೇ ಉಳಿಯುತ್ತದೆ ಎಂಬುದು ನನ್ನ ಪ್ರತಿಪಾದನೆ.

‘ಸಮೀಪ’ ಎಂಬ ಮಾತನ್ನು ಎಚ್ಚರದಿಂದ ಬಳಸಿದ್ದೇನೆ. ಲಿನಕ್ಸ್ ಸಾಮಾನ್ಯವಾಗಿ ಸಮಯಮುದ್ರೆಯ 12 ಬೈಟ್‌ಗಳನ್ನು ಸೇರಿಸುವುದರಿಂದ ಸ್ವೀಕೃತಿ 70 ಬೈಟ್ ಆಗುತ್ತದೆ. ನಷ್ಟ ಆಗುತ್ತಿರುವಾಗ ಯಾವ ಭಾಗ ತಲುಪಿತೆಂದು ತಿಳಿಸುವ ಸ್ಯಾಕ್ ವಿವರಗಳೂ ಸೇರಿ ಅದು 98 ಬೈಟ್‌ವರೆಗೆ ಬೆಳೆಯಬಹುದು. ಗಡಿಯನ್ನು ಲೆಕ್ಕ ಹಾಕುವಾಗ ಪೀಠಿಕೆಯನ್ನು ಸೇರಿಸುತ್ತೇವೋ ಇಲ್ಲವೋ ಎಂಬುದರಿಂದಲೂ 8 ಬೈಟ್‌ಗಳ ವ್ಯತ್ಯಾಸ ಬರುತ್ತದೆ. ಹೀಗೆ ಒಂದು ಕಿರಿದಾದ ಕಿಂಡಿ ತೆರೆದೇ ಇರುತ್ತದೆ. ಆದರೆ ಆ ಕಿಂಡಿಯಲ್ಲಿ ಡಿಕ್ಕಿಯಾಗಬೇಕಾದರೆ ಸ್ವೀಕೃತಿ ಹೊರಟು ಐದು ಮೈಕ್ರೊಸೆಕೆಂಡ್ ಕಳೆದ ಮೇಲೆ ಸ್ವಿಚ್ ಆರಂಭಿಸಬೇಕು. ಸಾಲುಗಟ್ಟಿ ಬರುವ ಫ್ರೇಮ್‌ಗಳ ನಡುವೆ ಅದು ವಿರಳ. ಸ್ವಿಚ್ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರುಮಾಡುವಲ್ಲಿ ಮಾತ್ರ ಸಾಧ್ಯ. ಅದೇ ಕಂಪ್ಯೂಟರಿನಿಂದ ಸಂಜೆ ಬ್ಯಾಕಪ್ ಮೇಲಕ್ಕೆ ಹೋಗುತ್ತಿದ್ದರೆ ಎಣಿಕೆ ಆಗ ಏರುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಸರಳ ಕಾರಣದಿಂದಲೂ ಸೊನ್ನೆಯನ್ನು ನಂಬಲಾಗದು: ಎಷ್ಟೋ ಬಾರಿ ಆ ಕೌಂಟರೇ ಇರುವುದಿಲ್ಲ. `ethtool -S` ತೋರಿಸುವ ಹೆಸರುಗಳು ಡ್ರೈವರ್‌ಗೆ ತಕ್ಕಂತೆ ಬದಲಾಗುತ್ತವೆ. ಇಂಟೆಲ್‌ನ `e1000e` ಡ್ರೈವರ್‌ನಲ್ಲಿ `tx_abort_late_coll` ಪ್ರತ್ಯೇಕವಾಗಿದೆ. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಹೇರಳವಾಗಿರುವ ರಿಯಲ್‌ಟೆಕ್ ಕಾರ್ಡ್‌ಗಳ `r8169` ಡ್ರೈವರ್ ಕೊಡುವುದು `tx_single_collisions`, `tx_multi_collisions`, `tx_aborted`, `align_errors` ಮುಂತಾದವನ್ನು. ತಡವಾದ ಡಿಕ್ಕಿಗೆ ಅದರಲ್ಲಿ ಬೇರೆ ಸಾಲಿಲ್ಲ. ಇಲ್ಲದ ಸಾಲನ್ನು ಸೊನ್ನೆಯೆಂದು ಓದುವುದು ಸುಲಭವಾಗಿ ಆಗುವ ತಪ್ಪು.

ಹಾಗಾದರೆ ಯಾವುದನ್ನು ಸಾಕ್ಷಿಯಾಗಿ ಹಿಡಿಯಬೇಕು? ಮೊದಲನೆಯದು ಕೊಂಡಿಯ ಸ್ಥಿತಿಯೇ. ಮಾದರಿಯ ಕಂಪ್ಯೂಟರಿನಲ್ಲಿ `ethtool eth0` ಕೊಡುವ ಉತ್ತರದ ಮುಖ್ಯ ಸಾಲುಗಳು ಹೀಗಿರುತ್ತವೆ:

```
Link partner advertised link modes:  100baseT/Half
Link partner advertised auto-negotiation: No
Speed: 100Mb/s
Duplex: Half
Auto-negotiation: on
```

ತಾನು ಮಾತುಕತೆಗೆ ಸಿದ್ಧ, ಎದುರಿನವರು ಮಾತಾಡಲಿಲ್ಲ, ಆದ್ದರಿಂದ ಹಾಫ್ ಎಂದು ಹಿಡಿದೆ ಎಂಬುದು ಈ ಸಾಲುಗಳ ಅರ್ಥ. ಎದುರಿನದು ನಿಜಕ್ಕೂ ಹಾಫ್ ಮಾತ್ರ ಬಲ್ಲ ಹಳೆಯ ಹಬ್ ಆಗಿದ್ದರೂ ಇದೇ ಉತ್ತರ ಬರುತ್ತದೆ. ಆದ್ದರಿಂದ ಎರಡನೆಯ ಸಾಕ್ಷಿ ಬೇಕು: ದಿಕ್ಕು ಬದಲಿಸಿ ನಡೆಸುವ ಪರೀಕ್ಷೆ.

```
ethtool -S eth0 > a.txt
iperf3 -c SERVER -R -t 30
ethtool -S eth0 > b.txt
diff a.txt b.txt
```

`-R` ಇದ್ದರೆ ಮಾಹಿತಿ ಕಂಪ್ಯೂಟರಿನತ್ತ ಇಳಿಯುತ್ತದೆ, ತೆಗೆದರೆ ಮೇಲಕ್ಕೆ ಹೋಗುತ್ತದೆ. ಇದೇ ಹೊತ್ತಿನಲ್ಲಿ ಸ್ವಿಚ್ ಪೋರ್ಟನ್ನೂ, ಸಿಸ್ಕೊ ಆದರೆ `show interfaces` ಮೂಲಕ, ಮುನ್ನ ಮತ್ತು ನಂತರ ಓದಬೇಕು. ಡ್ಯುಪ್ಲೆಕ್ಸ್ ದೋಷವಿದ್ದರೆ ಇಳಿಸುವಾಗ ಕಂಪ್ಯೂಟರಿನಲ್ಲಿ ಮಾಮೂಲಿ ಡಿಕ್ಕಿಗಳು ಏರುತ್ತವೆ. ಸ್ವಿಚ್‌ನಲ್ಲಿ 64 ಬೈಟ್‌ಗೂ ಕಡಿಮೆಯ ತುಣುಕುಗಳು `runts` ಸಾಲಿನಲ್ಲಿ ಕಾಣಬಹುದು, ಅತಿ ಚಿಕ್ಕವು ಎಣಿಕೆಗೆ ಸಿಗದೆಯೂ ಹೋಗಬಹುದು. ಮೇಲಕ್ಕೆ ಕಳಿಸುವಾಗ ಸ್ವಿಚ್‌ನ `CRC` ಏರುತ್ತದೆ. ಎರಡೂ ಪರೀಕ್ಷೆಗಳಲ್ಲಿ ಸ್ವಿಚ್‌ನ `collisions` ಮಾತ್ರ ಸೊನ್ನೆಯಾಗಿಯೇ ಇರುತ್ತದೆ, ಏಕೆಂದರೆ ಫುಲ್ ತುದಿ ಡಿಕ್ಕಿಯನ್ನು ಎಣಿಸುವುದೇ ಇಲ್ಲ. ಒಂದು ತುದಿಯಲ್ಲಿ ಡಿಕ್ಕಿಗಳ ರಾಶಿ, ಇನ್ನೊಂದರಲ್ಲಿ ಒಂದೂ ಇಲ್ಲ: ನನ್ನ ದೃಷ್ಟಿಯಲ್ಲಿ ದೃಢವಾದ ಗುರುತು ಈ ಅಸಮತೆಯೇ. ಹಬ್ ಆಗಿದ್ದರೆ ಡಿಕ್ಕಿಗಳಾಗುತ್ತವೆ, ಆದರೆ ಫ್ರೇಮ್‌ಗಳು ಕಳೆದುಹೋಗುವುದು ಅಪರೂಪ. ಕೇಬಲ್ ಕೆಟ್ಟಿದ್ದರೆ ಸಿಆರ್‌ಸಿ ದೋಷ ಯಾವ ತುದಿಯಲ್ಲಾದರೂ ಕಾಣಿಸೀತು, ಡಿಕ್ಕಿಗಳು ಏರಲು ಕಾರಣವಿಲ್ಲ.

ಕೊಂಡಿ ಬಿದ್ದು ಎದ್ದು ಮಾಡುವ ಫ್ಲ್ಯಾಪಿಂಗ್ ಕೂಡ ನಿಧಾನದ ರೂಪದಲ್ಲೇ ಬರುವುದರಿಂದ ಅದನ್ನು ಮೊದಲೇ ಬೇರ್ಪಡಿಸಬೇಕು. `/sys/class/net/eth0/carrier_changes` ಕಡತದ ಸಂಖ್ಯೆ ಡ್ಯುಪ್ಲೆಕ್ಸ್ ದೋಷದಲ್ಲಿ ನಿಂತಲ್ಲೇ ನಿಲ್ಲುತ್ತದೆ, ಫ್ಲ್ಯಾಪಿಂಗ್‌ನಲ್ಲಿ ಏರುತ್ತದೆ. ಸ್ವಿಚ್‌ನಲ್ಲಿ ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀ ಇದ್ದು ಪೋರ್ಟ್‌ಫಾಸ್ಟ್ ಹಾಕಿರದಿದ್ದರೆ ಒಂದು ಕ್ಷಣ ಬಿದ್ದ ಕೊಂಡಿಯೂ 30 ಸೆಕೆಂಡ್ ಮೌನವಾಗಿರುತ್ತದೆ. ಟಿಸಿಪಿಯ ಮರುಯತ್ನ 0.2 ಸೆಕೆಂಡಿನಿಂದ ಶುರುವಾಗಿ ಪ್ರತಿ ಸಲ ಇಮ್ಮಡಿಯಾದರೆ, 25.4ನೆಯ ಸೆಕೆಂಡಿನ ಯತ್ನ ವ್ಯರ್ಥವಾಗಿ ಮುಂದಿನದು 51ನೆಯ ಸೆಕೆಂಡಿಗೆ ಬರುತ್ತದೆ. ಕಡತ ಕಳಿಸುತ್ತಿರುವವರಿಗೆ ಅರ್ಧ ನಿಮಿಷದ ಅಡಚಣೆ ಮುಕ್ಕಾಲು ನಿಮಿಷಕ್ಕೂ ಮೀರುತ್ತದೆ.

ಪರಿಹಾರದ ಬಗ್ಗೆ ವಿವಾದವಿಲ್ಲ: ಎರಡೂ ತುದಿ ಆಟೋ ಆಗಿರಲಿ. ಸ್ವಿಚ್ ನಮ್ಮ ಕೈಯಲ್ಲಿಲ್ಲದಿದ್ದರೆ ಕಂಪ್ಯೂಟರನ್ನೂ ಅದರಂತೆ ಬಿಗಿಯಬೇಕು, `ethtool -s eth0 speed 100 duplex full autoneg off`. ಸ್ವಿಚ್ ಆಮೇಲೆ ಆಟೋಗೆ ಬದಲಾದರೆ ದೋಷ ತಿರುಗುಮುರುಗಾಗಿ ಮರಳುತ್ತದೆ. ಆದ್ದರಿಂದ ಬಿಗಿದದ್ದನ್ನು ಎರಡೂ ಕಡೆಯವರು ಬರೆದಿಟ್ಟುಕೊಳ್ಳುವುದು ಅಗತ್ಯ.

ಎರಡು ಪ್ರಶ್ನೆಗಳು ಈ ಲೇಖನದಲ್ಲಿ ಬಗೆಹರಿದಿಲ್ಲ. ಇಂದಿನ ಲಿನಕ್ಸ್ ಬಂದ ಫ್ರೇಮ್‌ಗಳನ್ನು ಒಟ್ಟುಗೂಡಿಸಿ ಕಡಿಮೆ ಸ್ವೀಕೃತಿಗಳನ್ನು ಕಳಿಸುತ್ತದೆ. ಸ್ವೀಕೃತಿ ಕಡಿಮೆಯಾದಷ್ಟೂ ಡಿಕ್ಕಿಯೂ ಕಡಿಮೆ, ಆದರೆ ಇಳಿಸುವ ವೇಗ ಅದರಿಂದ ಎಷ್ಟು ಸುಧಾರಿಸುತ್ತದೆ ಎಂಬುದನ್ನು ಅಳೆದು ನೋಡಬೇಕು. ಎರಡನೆಯದು ಹೆಚ್ಚು ಕಷ್ಟದ್ದು. ಫುಲ್‌ಗೆ ಬಿಗಿದ ತುದಿ ನಿರ್ವಹಣೆಯುಳ್ಳ ಸ್ವಿಚ್ ಆಗಿರದೆ, ಕೌಂಟರೇ ಇಲ್ಲದ ಮೀಡಿಯಾ ಕನ್ವರ್ಟರ್ ಆಗಿದ್ದರೆ ನಾನು ದೃಢವೆಂದ ಅಸಮತೆಯ ಅರ್ಧಭಾಗ ಓದಲು ಸಿಗುವುದಿಲ್ಲ. ಆಗ ಉಳಿಯುವುದು ಕಂಪ್ಯೂಟರಿನ ಡಿಕ್ಕಿಗಳು ಮತ್ತು `ss -ti` ತೋರಿಸುವ ಟಿಸಿಪಿ ಮರುಯತ್ನಗಳು. ಮರುಯತ್ನಗಳು ಹೆಚ್ಚಾಗಿ ಕಾಣುವುದು ಕಳಿಸುವ ತುದಿಯಲ್ಲಿ, ಅಂದರೆ ದೂರದ ಸರ್ವರ್‌ನಲ್ಲಿ. ಆ ಎರಡನ್ನು ಮಾತ್ರ ಜೋಡಿಸಿ, ಹೊರಗಿನ ಪರೀಕ್ಷೆಯ ವಿಧಾನವನ್ನೂ ಬಳಸಿಕೊಂಡು, ಹಬ್‌ನ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಬಹುದೇ ಎಂಬುದು ಮುಂದಿನ ಅಧ್ಯಯನಕ್ಕೆ ಬಿಟ್ಟದ್ದು.