ತ್ರಾಪಿಜ್ಯ ಸೂತ್ರದ ದೋಷಶ್ರೇಣಿ: ಆಯ್ಲರನಿಂದ ರೊಂಬರ್ಗನವರೆಗೆ

ವಕ್ರರೇಖೆಯ ಕೆಳಗಣ ಕ್ಷೇತ್ರವನ್ನು ಸಮನಾದ ಅಗಲದ ಪಟ್ಟಿಗಳಾಗಿ ವಿಭಾಗಿಸಿ, ಪ್ರತಿಯೊಂದು ಪಟ್ಟಿಯನ್ನೂ ತ್ರಾಪಿಜ್ಯವೆಂದೇ ಭಾವಿಸಿ ಅಳೆಯುವುದು ಬಹು ಹಳೆಯ ಕ್ರಮ. ಪಟ್ಟಿಯ ಅಗಲ h, ನಿಜವಾದ ಕ್ಷೇತ್ರಫಲ I ಎಂದಿಟ್ಟುಕೊಂಡರೆ, ಹೀಗೆ ದೊರೆಯುವ ಬೆಲೆಯ ರೂಪ ಇದು:

T(h) = I + c₁h² + c₂h⁴ + c₃h⁶ + …

ಇದು ಆಯ್ಲರನು 1730ರ ದಶಕದಲ್ಲಿಯೂ, ಮೆಕ್ಲಾರಿನನು ಸ್ವತಂತ್ರವಾಗಿ 1742ರ ಗ್ರಂಥದಲ್ಲಿಯೂ ನಿರೂಪಿಸಿದ ಸಂಕಲನಸೂತ್ರದಿಂದ ಫಲಿಸುತ್ತದೆ. ಆದರೆ ಇದರ ಪೂರ್ಣ ಪ್ರಯೋಜನವನ್ನು ಪಡೆಯುವ ಗಣನಕ್ರಮವು ಪ್ರಕಟವಾದುದು 1955ರಲ್ಲಿ. ಈ ದೀರ್ಘ ಅಂತರಕ್ಕೆ ಕಾರಣವೇನೆಂಬುದೇ ಇಲ್ಲಿನ ಪ್ರಶ್ನೆ.

ಬೆಸಘಾತಗಳು ಏಕೆ ಇಲ್ಲವೆಂಬುದನ್ನು ಮೊದಲು ನೋಡೋಣ. ಪಟ್ಟಿಯ ನಡುಬಿಂದುವಿನಿಂದ ಅಳೆದರೆ, ಎಡಬಲಗಳಲ್ಲಿ ವಿರುದ್ಧ ಚಿಹ್ನೆಯುಳ್ಳ ಅಂಶಗಳು ನಿಜವಾದ ಕ್ಷೇತ್ರಫಲದಲ್ಲಿಯೂ ತ್ರಾಪಿಜ್ಯದಲ್ಲಿಯೂ ಸಮನಾಗಿ ಅಳಿದುಹೋಗುತ್ತವೆ. ಆದುದರಿಂದ ಒಂದು ಪಟ್ಟಿಯ ದೋಷದಲ್ಲಿ h³, h⁵ ಮೊದಲಾದುವು ಮಾತ್ರ ಉಳಿಯುತ್ತವೆ. ಪಟ್ಟಿಗಳ ಸಂಖ್ಯೆ h ಗೆ ವಿಲೋಮವಾಗಿರುವುದರಿಂದ, ಒಟ್ಟು ದೋಷದಲ್ಲಿ ಅವು h², h⁴ ಎಂದಾಗುತ್ತವೆ.

ಆಯ್ಲರನ ದೃಷ್ಟಿ ಬೇರೊಂದು ಕಡೆಗಿದ್ದಿತು. ಆತನು ಅನುಕಲನದ ನೆರವಿನಿಂದ ಶ್ರೇಣಿಗಳ ಮೊತ್ತವನ್ನು ಕಾಣಬಯಸಿದನು. ಅದಕ್ಕೆ c₁, c₂ಗಳ ಬೆಲೆಗಳೇ ಬೇಕು; ಅವು ಎರಡು ತುದಿಗಳಲ್ಲಿನ ಅವಕಲನಗಳಿಂದ ದೊರೆಯತಕ್ಕವು. ಆ ಬೆಲೆಗಳನ್ನು ತಿಳಿಯದೆಯೇ, ಶ್ರೇಣಿಯ ರೂಪವೊಂದನ್ನೇ ನಂಬಿ ದೋಷವನ್ನು ಕಳೆಯಬಹುದೆಂಬುದು ಬೇರೆಯೇ ವಿಚಾರ. ಅದನ್ನು ವ್ಯಾಪಕವಾದ ವಿಧಾನವನ್ನಾಗಿ ಮಾಡಿದವನು ರಿಚರ್ಡ್‌ಸನ್. 1911ರಲ್ಲಿ, ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡಗಳನ್ನು ಗಣಿಸುವಾಗ, ಆತನು ಎರಡು ಅಂತರಗಳ ಫಲಗಳನ್ನು ಕೂಡಿಸಿ h² ಪದವನ್ನು ತೊಡೆದುಹಾಕಿದನು. ಜರ್ಮನಿಯಿಂದ ನಾರ್ವೆಗೆ ಬಂದು ನೆಲಸಿದ್ದ ವೆರ್ನರ್ ರೊಂಬರ್ಗನು 1955ರಲ್ಲಿ ಇದನ್ನೇ ತ್ರಾಪಿಜ್ಯ ಸೂತ್ರಕ್ಕೆ ಅನ್ವಯಿಸಿ, ಪದದ ಮೇಲೆ ಪದವನ್ನು ಕಳೆಯುತ್ತ ಹೋದನು.

1/(1+x) ಎಂಬುದನ್ನು 0ಯಿಂದ 1ರವರೆಗೆ ಅನುಕಲಿಸೋಣ. ನಿಜವಾದ ಬೆಲೆ 0.693147. ಒಂದು, ಎರಡು, ನಾಲ್ಕು ಪಟ್ಟಿಗಳಿಂದ ಕ್ರಮವಾಗಿ 0.750000, 0.708333, 0.697024 ಬರುತ್ತವೆ. ಅಗಲವನ್ನು ಅರ್ಧಿಸಿದಾಗ h² ಪದವು ಕಾಲುಭಾಗವಾಗುವುದರಿಂದ, ಹೊಸ ಬೆಲೆಯ ನಾಲ್ಮಡಿಯಲ್ಲಿ ಹಳೆಯದನ್ನು ಕಳೆದು 3ರಿಂದ ಭಾಗಿಸಿದರೆ ಆ ಪದವು ಹೋಗುತ್ತದೆ: 0.694444, 0.693254. ಇದು ಸಿಂಪ್ಸನ್ ಸೂತ್ರವೇ. ಮುಂದೆ 16 ಮತ್ತು 15ರಿಂದ ಹಾಗೆಯೇ ಮಾಡಿದರೆ 0.693175. ಕೇವಲ ಐದು ಲಂಬಗಳನ್ನು ಅಳೆದು, ದೋಷವನ್ನು 0.003877ರಿಂದ 0.000028ಕ್ಕೆ ಇಳಿಸಿದಂತಾಯಿತು.

ಆದರೆ ರೂಪವನ್ನು ನಂಬುವುದಕ್ಕೂ ಮಿತಿಯುಂಟು. √x ನ ಇಳಿಜಾರು 0ಯಲ್ಲಿ ಅನಂತವಾಗುವುದರಿಂದ ಅಲ್ಲಿ h ನ ಒಂದೂವರೆ ಘಾತವು ನುಸುಳುತ್ತದೆ. ಇದನ್ನು ಗಣನೆಯಲ್ಲಿಯೇ ಗುರುತಿಸಬಹುದು. ಅನುಕ್ರಮ ಬೆಲೆಗಳ ವ್ಯತ್ಯಾಸಗಳ ನಿಷ್ಪತ್ತಿಯು 4ನ್ನು ಸಮೀಪಿಸಬೇಕು. ಮೇಲಿನ ಉದಾಹರಣೆಯಲ್ಲಿ ಅದು 3.68. √x ಗೆ ಬರುವ ಬೆಲೆಗಳು 0.500000, 0.603553, 0.643283, ನಿಷ್ಪತ್ತಿ 2.61 ಮಾತ್ರ, ಅದು ಸಾಗುವುದು 2.83ರ ಕಡೆಗೆ. ಅಲ್ಲಿ 4 ಮತ್ತು 3ರ ನಿಯಮವು h ನ ಒಂದೂವರೆ ಘಾತದ ಪದವನ್ನು ತೊಡೆಯಲಾರದು.

ಆದುದರಿಂದ ವಿಳಂಬಕ್ಕೆ ಸೂತ್ರದ ಅಭಾವವು ಕಾರಣವಲ್ಲ. ಸೂತ್ರಕ್ಕೆ ಹಾಕಿದ ಪ್ರಶ್ನೆಯು ಬೇರೆಯಾಗಿದ್ದುದೇ ಕಾರಣವೆಂದು ತೋರುತ್ತದೆ.