ಬಿಡಿಸಲಾಗದ್ದು ಮತ್ತು ಬಿಡಿಸದೇ ಉಳಿದದ್ದು: ಸೊಕೊಬಾನ್ ಹಂತಗಳ ಪರೀಕ್ಷೆಯ ಚರಿತ್ರೆ

ಇವತ್ತು ನಾನು ಎತ್ತಿಕೊಂಡಿರೋದು ಒಂದೇ ಪ್ರಶ್ನೆ: ಒಂದು ಪಜಲ್ ಹಂತವನ್ನು ಮುಗಿಸಲು ಸಾಧ್ಯ ಎಂದು ಸಾಬೀತು ಮಾಡುವುದು ಹೇಗೆ?

ಸೊಕೊಬಾನ್ ಆಟವನ್ನು ಜಪಾನಿನ ಹಿರೊಯುಕಿ ಇಮಾಬಯಾಶಿ ರೂಪಿಸಿದರು. ಅವರ ಥಿಂಕಿಂಗ್ ರ‍್ಯಾಬಿಟ್ ಕಂಪನಿ 1982ರಲ್ಲಿ ಅದನ್ನು ಹೊರತಂದಿತು. ಗೋದಾಮಿನ ಕೆಲಸಗಾರ ಪೆಟ್ಟಿಗೆಗಳನ್ನು ಗುರಿಗೆ ತಳ್ಳಬೇಕು, ಎಳೆಯೋ ಹಾಗಿಲ್ಲ. ಹೀಗಾಗಿ ಒಂದು ತಪ್ಪು ತಳ್ಳುವಿಕೆಯೇ ಆಟವನ್ನು ಕೆಡಿಸಬಹುದು. ಹಂತ ರಚಿಸುವವರಿಗೂ ಇದೇ ಅಪಾಯ.

ಎಡಿಟರ್‌ನಲ್ಲಿ ಬರೆದ ಈ ಪುಟ್ಟ ಹಂತ ನೋಡಿ. `#` ಗೋಡೆ, `@` ಆಟಗಾರ, `$` ಪೆಟ್ಟಿಗೆ, `.` ಗುರಿ.

```
######
#    #
# $  #
#@  .#
######
```

ಸಾಲ್ವರ್ ಕೊಡುವ ಉತ್ತರ `uRRurD`. ದೊಡ್ಡಕ್ಷರ ಅಂದ್ರೆ ತಳ್ಳುವಿಕೆ. ಆರು ನಡೆ, ಅದರಲ್ಲಿ ಮೂರು ತಳ್ಳುವಿಕೆ. ಇದನ್ನು ಯಾರು ಬೇಕಾದರೂ ಆಡಿ ನೋಡಬಹುದು. ಆ ಸಾಲೇ ಪುರಾವೆ.

ಈಗ ಪೆಟ್ಟಿಗೆಯನ್ನು ಒಂದು ಮನೆ ಮೇಲಕ್ಕೆ ಸರಿಸಿ. ಅದು ಮೇಲಿನ ಗೋಡೆಗೆ ತಾಗಿ ನಿಲ್ಲುತ್ತದೆ. ಕೆಳಗೆ ತಳ್ಳಬೇಕಾದರೆ ಆಟಗಾರ ಗೋಡೆಯೊಳಗೇ ನಿಲ್ಲಬೇಕು! ಪೆಟ್ಟಿಗೆಗೆ ಇನ್ನು ಉಳಿದಿರೋದು ಮೇಲಿನ ಸಾಲಿನ ನಾಲ್ಕೇ ಮನೆ. ಸಾಲ್ವರ್ ನಾಲ್ಕನ್ನೂ ನೋಡಿ ಮುಗಿಸುತ್ತದೆ. ನೋಡಲು ಇನ್ನೇನೂ ಉಳಿದಿಲ್ಲ, ಆದ್ದರಿಂದ ಪರಿಹಾರ ಇಲ್ಲ. ಇದೂ ಪೂರ್ಣ ಪುರಾವೆಯೇ.

ಪ್ರತಿ ಸಲವೂ ಇಷ್ಟು ಹುಡುಕಬೇಕಿಲ್ಲ. ಗುರಿಯಿಂದ ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ, ಅದು ಎಲ್ಲೆಲ್ಲಿಂದ ಬಂದಿರಬಹುದು ಅಂತ ತಿಳಿಯುತ್ತದೆ. ನಮ್ಮ ಹಂತದ 12 ಮನೆಗಳಲ್ಲಿ ಗುರಿಯೂ ಸೇರಿ ಆರು ಮಾತ್ರ ಜೀವಂತ. ಮೇಲಿನ ಸಾಲು, ಎಡಗಡೆಯ ಕಂಬಸಾಲು ಪೂರ್ತಿ ಸತ್ತ ಮನೆಗಳು. ಎಡಿಟರ್ ಇವಕ್ಕೆ ಬಣ್ಣ ಹಚ್ಚಿ ತೋರಿಸಿದರೆ ರಚಿಸುವವರು ಮೊದಲೇ ಎಚ್ಚರವಾಗಬಹುದು.

ಇಲ್ಲಿ ನೀವು ಕೇಳಬಹುದು: ಸಾಲ್ವರ್ ಉತ್ತರ ಕೊಡದಿದ್ದರೆ ಹಂತವೇ ತಪ್ಪು ಅಂತಲಾ? ಅಲ್ಲ. ಚರಿತ್ರೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸೊಕೊಬಾನ್ ಪಿಸ್ಪೇಸ್-ಪೂರ್ಣ ಸಮಸ್ಯೆ ಎಂದು ಜೋಸೆಫ್ ಕಲ್ಬರ್ಸನ್ 1997ರಲ್ಲಿ ತೋರಿಸಿದರು. ಅಂದರೆ ಎಲ್ಲ ಹಂತಗಳನ್ನೂ ಬೇಗ ಬಿಡಿಸುವ ವಿಧಾನವನ್ನು ನಾವು ನಿರೀಕ್ಷಿಸುವಂತಿಲ್ಲ. ಅದೇ ಕಾಲದಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಯುಂಗ್‌ಹಾನ್ಸ್ ಮತ್ತು ಜೊನಾಥನ್ ಶೇಫರ್ ಕಟ್ಟಿದ ರೋಲಿಂಗ್ ಸ್ಟೋನ್ ಸಾಲ್ವರ್, ಪ್ರಸಿದ್ಧ 90 ಹಂತಗಳಲ್ಲಿ 57ನ್ನು ಬಿಡಿಸಿತು. ಉಳಿದವನ್ನೂ ಮನುಷ್ಯರು ಆಡಿ ಮುಗಿಸಿದ್ದರು. ಅವು ಸಾಲ್ವರ್‌ಗೆ ಎಟುಕಲಿಲ್ಲ, ಅಷ್ಟೇ.

ಆದ್ದರಿಂದ ಎಡಿಟರ್ ಪರದೆಯ ಮೇಲೆ ಎರಡಲ್ಲ, ಮೂರು ಉತ್ತರ ಇರಬೇಕು: ಪರಿಹಾರ ಸಿಕ್ಕಿತು, ಎಲ್ಲ ಸ್ಥಿತಿ ನೋಡಿಯಾಯ್ತು, ಪರಿಹಾರ ಇಲ್ಲ, ಸಮಯ ಅಥವಾ ಮೆಮೊರಿ ಮುಗಿಯಿತು. ಮೂರನೆಯದನ್ನು ಎರಡನೆಯದೆಂದು ಓದಿದರೆ ಅತ್ಯಂತ ಕಠಿಣವಾದ, ಬಹುಶಃ ಅತ್ಯುತ್ತಮವಾದ ಹಂತಗಳನ್ನೇ ಅಳಿಸಿಹಾಕುತ್ತೇವೆ. ಅಂಥ ಹಂತಕ್ಕೆ ರಚಿಸಿದವರು ತಾವೇ ಆಡಿದ ನಡೆಗಳ ಸಾಲನ್ನು ಜೊತೆಗಿಟ್ಟರೆ ಸಾಕು. ಅದನ್ನು ಪರಿಶೀಲಿಸಲು ಹುಡುಕಾಟವೇ ಬೇಡ, ಒಂದೊಂದೇ ನಡೆ ಆಡಿಸಿ ನೋಡಿದರಾಯ್ತು.